ಮುಂಗಡ ತೆರಿಗೆ: ಬಿಲ್ಲಿನಿಂದ ಕಂತಿನ ಲೆಕ್ಕ

ಟಿಡಿಎಸ್ ಕಳೆದು ₹10,000 ಅಥವಾ ಹೆಚ್ಚು ತೆರಿಗೆ ಉಳಿದರೆ ಮುಂಗಡ ತೆರಿಗೆ ಕಟ್ಟಬೇಕು. ಜಹೀರಾಬಾದಿನ ವಾಸ್ತುಶಿಲ್ಪಿಯೊಬ್ಬರ ಲೆಕ್ಕವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 2025–26ರ ಬಿಲ್ಲುಗಳು ₹20 ಲಕ್ಷ, ಖರ್ಚು ಕಳೆದ ಆದಾಯ ₹16 ಲಕ್ಷ. ಹೊಸ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ ₹1,24,800. ಹೈದರಾಬಾದ್ ಕಂಪನಿಗಳು ₹8 ಲಕ್ಷದ ಬಿಲ್ಲಿಗೆ 10% ಟಿಡಿಎಸ್, ಅಂದರೆ ₹80,000 ಹಿಡಿದಿವೆ. ನಾರಾಯಣಖೇಡ, ತಾಂಡೂರಿನಲ್ಲಿ ಸ್ವಂತ ಮನೆ ಕಟ್ಟಿಸಿದವರು ಕೊಟ್ಟ ₹12 ಲಕ್ಷಕ್ಕೆ ಕಡಿತವಿಲ್ಲ. ಬಾಕಿ ₹44,800.

ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರೊಳಗೆ ಕ್ರಮವಾಗಿ 15, 45, 75, 100% ಕಟ್ಟಿರಬೇಕು. ಇವು ಒಟ್ಟುಗೂಡಿದ ಪ್ರಮಾಣಗಳು. ಹಲವರು ಎಡವುವುದು ಇಲ್ಲೇ. ಸೆಪ್ಟೆಂಬರಿನ ಕಂತು 30%, ಅಂದರೆ ₹13,440. ಕಡಿತವಿಲ್ಲದ ಪ್ರತಿ ಬಿಲ್ಲಿನ 4% ಬೇರೆ ಖಾತೆಗೆ ಹಾಕಿದರೆ ವರ್ಷದ ಬಾಕಿ ಅದರಲ್ಲೇ ತೀರುತ್ತದೆ. ಒಟ್ಟು ಸ್ವೀಕೃತಿಯ ಕನಿಷ್ಠ ಅರ್ಧವನ್ನು ಆದಾಯವೆಂದು ತೋರಿಸುವ 44ADA ಆಯ್ದವರಿಗೆ ಮಾರ್ಚ್ 15ರ ಒಂದೇ ಕಂತು.