ಸ್ಪೀಡ್ ಏರಿಸ್ತಾ ತಿರುಗೋ ಕಾರು ಎಲ್ಲಿ ಜಾರುತ್ತೆ?

ಸಮತಟ್ಟಾದ ಒಂದು ವೃತ್ತಾಕಾರದ ಟ್ರ್ಯಾಕ್ ತಗೊಳ್ಳೋಣ, ರೇಡಿಯಸ್ 50 ಮೀಟರ್. ಅದರ ಮೇಲೆ ನಿಂತಿರೋ ಕಾರು ಹೊರಡುತ್ತೆ. ಅದರ ಸ್ಪೀಡ್ ಪ್ರತಿ ಸೆಕೆಂಡಿಗೆ 3 ಮೀ/ಸೆ ನಂತೆ ಒಂದೇ ಸಮನೆ ಏರ್ತಾ ಹೋಗುತ್ತೆ. ಟೈರಿಗೂ ರಸ್ತೆಗೂ ನಡುವಿನ ಘರ್ಷಣೆಯ ಗುಣಾಂಕ 0.8, ಅಂದರೆ ಒಣಗಿದ ಒಳ್ಳೆ ಟಾರು ರಸ್ತೆ. ಈ ಕಾರು ಒಂದು ಸುತ್ತು ಪೂರ್ತಿ ಮಾಡುತ್ತಾ?

ಮಾಡಲ್ಲ. ಕಾಲು ಸುತ್ತು ಕೂಡ ಮಾಡಲ್ಲ. ಯಾಕೆ ಅಂತ ನೋಡೋಣ.

ವೇಗ ಅನ್ನೋದು ವೆಕ್ಟರ್. ಅದು ಎರಡು ಥರ ಬದಲಾಗಬಹುದು: ಉದ್ದ ಬದಲಾಗಬಹುದು, ದಿಕ್ಕು ಬದಲಾಗಬಹುದು. ಉದ್ದ ಅಂದರೆ ಸ್ಪೀಡೋಮೀಟರ್ ತೋರಿಸೋ ಸ್ಪೀಡ್. ಅದು ಬದಲಾಗೋ ದರವೇ ಟ್ಯಾಂಜೆನ್ಶಿಯಲ್ ವೇಗೋತ್ಕರ್ಷ, a_t = dv/dt. ಇದು ಕಾರಿನ ಮೂತಿ ಇರೋ ದಿಕ್ಕಿಗೆ, ಅಂದರೆ ಸ್ಪರ್ಶಕದ ಉದ್ದಕ್ಕೆ ಇರುತ್ತೆ. ನಮ್ಮ ಕಾರಿಗೆ ಇದು ಕೊನೇವರೆಗೂ 3 ಮೀ/ಸೆ².

ಇನ್ನು ದಿಕ್ಕಿನ ಲೆಕ್ಕ. dt ಅನ್ನೋ ಸಣ್ಣ ಸಮಯದಲ್ಲಿ ಕಾರು v·dt ದೂರ ಹೋಗುತ್ತೆ, ಹಾಗಾಗಿ ಅದರ ಮೂತಿ v·dt/R ರೇಡಿಯನ್ ತಿರುಗುತ್ತೆ. v ಉದ್ದದ ಬಾಣವನ್ನು ಅಷ್ಟು ಕೋನ ತಿರುಗಿಸಿದರೆ ಅದರ ತುದಿ v × (v·dt/R) ನಷ್ಟು ಪಕ್ಕಕ್ಕೆ ಸರಿಯುತ್ತೆ. ಇದನ್ನ dt ಇಂದ ಭಾಗಿಸಿದರೆ a_r = v²/R. ಇದೇ ರೇಡಿಯಲ್ ವೇಗೋತ್ಕರ್ಷ, ಇದರ ದಿಕ್ಕು ಕೇಂದ್ರದ ಕಡೆಗೆ. ಸ್ಪೀಡ್ ಏರ್ತಾ ಇದ್ದರೂ ಇಳೀತಾ ಇದ್ದರೂ ಆ ಕ್ಷಣದ v ಹಾಕಿದರೆ ಸೂತ್ರ ಇದೇ.

ಈಗ ನಮ್ಮ ಕಾರನ್ನ ಎರಡೆರಡು ಸೆಕೆಂಡಿಗೊಮ್ಮೆ ನೋಡೋಣ. 2ನೇ ಸೆಕೆಂಡಿನಲ್ಲಿ ಸ್ಪೀಡ್ 6 ಮೀ/ಸೆ, a_r ಬರೀ 0.72 ಮೀ/ಸೆ². 4ನೇ ಸೆಕೆಂಡಿನಲ್ಲಿ ಸ್ಪೀಡ್ 12, a_r 2.88, ಹೆಚ್ಚೂ ಕಮ್ಮಿ a_t ಯಷ್ಟೇ. 6ನೇ ಸೆಕೆಂಡಿನಲ್ಲಿ ಸ್ಪೀಡ್ 18, a_r 6.48, ಅಂದರೆ a_t ಯ ಎರಡು ಪಟ್ಟಿಗಿಂತ ಜಾಸ್ತಿ. ಡ್ರೈವರ್ ಕಾಲಿನ ಕೆಳಗೆ ಏನೂ ಬದಲಾದ ಹಾಗೆ ಅನಿಸಲ್ಲ, ಸ್ಪೀಡ್ ಮೊದಲಿನ ಹಾಗೇ ಏರ್ತಿದೆ. ಆದರೆ ಪಕ್ಕದ ಎಳೆತ ಸಮಯದ ವರ್ಗದ ಪ್ರಕಾರ ಬೆಳೀತಿದೆ.

ಈ ಎರಡೂ ವೇಗೋತ್ಕರ್ಷ ಕೊಡೋದು ಯಾರು? ಗಾಳಿಯ ತಡೆಯನ್ನ ಬಿಟ್ಟರೆ, ಟೈರ್ ಮತ್ತು ರಸ್ತೆ ನಡುವಿನ ಘರ್ಷಣೆ ಒಂದೇ. ಮುಂದಕ್ಕೆ ತಳ್ಳೋದೂ ಅದೇ, ಒಳಗೆ ಎಳೆಯೋದೂ ಅದೇ. ಅದರ ಒಟ್ಟು ಬಲಕ್ಕೆ ಒಂದು ಮಿತಿ ಇದೆ: μmg. ಹಾಗಾಗಿ ಒಟ್ಟು ವೇಗೋತ್ಕರ್ಷ μg ದಾಟೋ ಹಾಗಿಲ್ಲ. ನಮ್ಮ ಲೆಕ್ಕದಲ್ಲಿ ಅದು 0.8 × 9.8 = 7.84 ಮೀ/ಸೆ². ಎರಡು ಭಾಗಗಳು ಒಂದಕ್ಕೊಂದು ಲಂಬವಾಗಿರೋದರಿಂದ ಜಾರದೇ ಇರೋ ಷರತ್ತು ಹೀಗಿರುತ್ತೆ:

√(a_t² + a_r²) ≤ μg

a_t = 3 ಹಾಕಿದರೆ a_r ಗೆ ಸಿಗೋದು √(61.5 − 9), ಅಂದರೆ ಸುಮಾರು 7.24 ಮೀ/ಸೆ². ಆಗ v² = 7.24 × 50, v ಸುಮಾರು 19 ಮೀ/ಸೆ, ಗಂಟೆಗೆ 68 ಕಿಲೋಮೀಟರ್ ಚಿಲ್ಲರೆ. ಹೊರಟು 6.3 ಸೆಕೆಂಡಿಗೆ, 60 ಮೀಟರ್ ಹೋಗೋ ಅಷ್ಟರಲ್ಲಿ ಕಾರು ಈ ಮಿತಿ ಮುಟ್ಟುತ್ತೆ. ಕೋನದಲ್ಲಿ ಹೇಳೋದಾದರೆ ಸುಮಾರು 69 ಡಿಗ್ರಿ.

ಪರೀಕ್ಷೇಲಿ ಇಲ್ಲಿ ಎರಡು ತಪ್ಪು ಉತ್ತರ ಬರುತ್ತೆ. a_t ಮರೆತು v²/R = μg ಅಂತ ಮಾತ್ರ ಬರೆದರೆ ಗಂಟೆಗೆ 71 ಕಿಲೋಮೀಟರ್ ಅಂತ ಸಿಗುತ್ತೆ. ಎರಡನ್ನೂ ಸುಮ್ಮನೆ ಕೂಡಿಸಿ 3 + v²/R = 7.84 ಅಂತ ಬರೆದರೆ 56 ಸಿಗುತ್ತೆ. ಸರಿ ಉತ್ತರ ಮೊದಲನೆಯದಕ್ಕೆ ಇಷ್ಟು ಹತ್ತಿರ ಯಾಕಿದೆ ಅಂದರೆ, ಲಂಬವಾಗಿ ಕೂಡಿಸುವಾಗ ಚಿಕ್ಕ ಭಾಗ ದೊಡ್ಡದನ್ನ ಸ್ವಲ್ಪವೇ ಬದಲಾಯಿಸುತ್ತೆ.

ಇದರಲ್ಲಿ ನನಗೆ ತುಂಬ ಇಷ್ಟವಾದ ಭಾಗ ಈಗ ಬರುತ್ತೆ. ನಿಂತಲ್ಲಿಂದ ಹೊರಟ ಕಾರಿಗೆ v² = 2·a_t·s. ಕಾರು θ ರೇಡಿಯನ್ ತಿರುಗಿದ್ದರೆ s = Rθ. ಇದನ್ನ v²/R ಒಳಗೆ ಹಾಕಿ:

a_r = 2·a_t·θ, ಅಂದರೆ a_r / a_t = 2θ

R ಹೊಡೆದುಹೋಯ್ತು. ಎರಡರ ಅನುಪಾತ ನೋಡಿದರೆ a_t ಕೂಡ ಹೋಯ್ತು! ಕಾರು ಮಾರುತಿ ಆಗಿರಲಿ, ರೇಸ್ ಕಾರ್ ಆಗಿರಲಿ, ಟ್ರ್ಯಾಕ್ ಚಿಕ್ಕದಿರಲಿ, ದೊಡ್ಡದಿರಲಿ, ಅರ್ಧ ರೇಡಿಯನ್ (ಸುಮಾರು 29 ಡಿಗ್ರಿ) ತಿರುಗಿದಾಗ ಎರಡೂ ಭಾಗ ಸಮ. ಕಾಲು ಸುತ್ತಿನಲ್ಲಿ ರೇಡಿಯಲ್ ಭಾಗ π ಪಟ್ಟು. ಒಂದು ಸುತ್ತು ಮುಗಿದಾಗ 4π, ಅಂದರೆ ಹನ್ನೆರಡೂವರೆ ಪಟ್ಟು. ಹೊರಡುವಾಗ ನೇರ ಮುಂದಕ್ಕಿದ್ದ ಒಟ್ಟು ವೇಗೋತ್ಕರ್ಷದ ಬಾಣ ಸುತ್ತಿನ ಕೊನೆಗೆ ಕೇಂದ್ರದ ಕಡೆ 85 ಡಿಗ್ರಿಗೂ ಜಾಸ್ತಿ ವಾಲಿರುತ್ತೆ.

ಇದರಿಂದ ನಮ್ಮ ಮೊದಲ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುತ್ತೆ. ಒಂದು ಸುತ್ತು ಮುಗಿಸಬೇಕಾದರೆ a_t × √(1 + 16π²) ಅನ್ನೋದು 7.84 ದಾಟಬಾರದು. ಆ ವರ್ಗಮೂಲ ಸುಮಾರು 12.6. ಹಾಗಾಗಿ a_t ಗರಿಷ್ಠ 0.62 ಮೀ/ಸೆ². ನಾವು ತಗೊಂಡ 3 ಇದರ ಸುಮಾರು ಐದು ಪಟ್ಟು. 0.62 ಇಟ್ಟರೆ 50 ಮೀಟರ್ ಟ್ರ್ಯಾಕಿನಲ್ಲಿ ಸುತ್ತು ಮುಗಿಯೋಕೆ ಸುಮಾರು 32 ಸೆಕೆಂಡ್ ಬೇಕು. ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯ ಸ್ಕಿಡ್‌ಪ್ಯಾಡ್ ವೃತ್ತದ ಒಳ ವ್ಯಾಸ 15.25 ಮೀಟರ್, ಹಾದಿ 3 ಮೀಟರ್ ಅಗಲ, ಅಂದರೆ ಹಾದಿಯ ನಡುವಿನ ರೇಡಿಯಸ್ ಸುಮಾರು 9 ಮೀಟರ್. ಅಲ್ಲಿ ಕಾರುಗಳು ನೇರ ಹಾದಿಯಿಂದ ಸ್ಪೀಡಲ್ಲೇ ಒಳಗೆ ಬರ್ತಾವೆ. ಆದರೆ ಆ ವೃತ್ತದ ಮೇಲೆ ಕಾರನ್ನ ನಿಲ್ಲಿಸಿ ಹೊರಡಿಸಿದರೂ, ಅದೇ μ ಗೆ ಮಿತಿ ಅದೇ 0.62!

ಹಾಗಾದರೆ ನಿಜವಾದ ಡ್ರೈವರ್ ಏನು ಮಾಡಬೇಕು? a_t ಯನ್ನ ಒಂದೇ ಸಮ ಇಡಬಾರದು, ಸ್ಪೀಡ್ ಏರಿದ ಹಾಗೆ ಕಾಲು ಸಡಿಲಿಸಬೇಕು. ಯಾವುದೇ ಸ್ಪೀಡಿನಲ್ಲಿ ಮುಂದಕ್ಕೆ ಉಳಿದಿರೋದು √((μg)² − (v²/R)²). ನಮ್ಮ ಟ್ರ್ಯಾಕಿನಲ್ಲಿ 18 ಮೀ/ಸೆ ಇದ್ದಾಗ 4.4 ಮೀ/ಸೆ² ಉಳಿದಿದೆ. 19.5 ಕ್ಕೆ ಬಂದಾಗ 1.9 ಮಾತ್ರ. 19.8 ರಲ್ಲಿ ಏನೂ ಇಲ್ಲ. ಕೊನೆಯಲ್ಲಿ ಹಿಡಿತ ಹೀಗೆ ಥಟ್ಟಂತ ಖಾಲಿಯಾಗೋದರಿಂದಲೇ ತಿರುವಿನ ನಡುವೆ ಆಕ್ಸಿಲರೇಟರ್ ಒತ್ತೋದು ಅಪಾಯ.

ಮಿತಿ ದಾಟಿದರೆ ಕಾರು ಕೇಂದ್ರದಿಂದ ನೇರ ಹೊರಕ್ಕೆ ಹಾರಲ್ಲ. ಒಳಗೆ ಎಳೆಯೋ ಬಲ ಸಾಲದೇ ಅದರ ಹಾದಿ ಅಗಲವಾಗುತ್ತೆ, ಸ್ಪರ್ಶಕದ ಕಡೆಗೆ ಬಿಚ್ಚಿಕೊಳ್ಳುತ್ತೆ. ಮುಂದಿನ ಟೈರ್ ಮೊದಲು ಸೋತರೆ ಸ್ಟೀರಿಂಗ್ ತಿರುಗಿಸಿದರೂ ಮೂತಿ ಹೊರಗೇ ಹೋಗುತ್ತೆ, ಹಿಂದಿನದು ಸೋತರೆ ಬಾಲ ಹೊರಗೆ ಬೀಸುತ್ತೆ. ನಮ್ಮ ಲೆಕ್ಕ ಕಾರನ್ನ ಒಂದು ಬಿಂದು ಅಂತ ಹಿಡಿದು, ನಾಲ್ಕೂ ಟೈರು ಕೆಲಸ ಹಂಚಿಕೊಳ್ಳುತ್ತವೆ ಅಂತ ನಂಬಿದೆ. ಎರಡೇ ಚಕ್ರ ತಳ್ಳೋ ಕಾರಿನಲ್ಲಿ ಮುಂದಕ್ಕೆ ತಳ್ಳೋ ಪೂರ್ತಿ ಹೊರೆ ಆ ಎರಡರ ಮೇಲೇ ಬೀಳೋದರಿಂದ, ಅದು 69 ಡಿಗ್ರಿಗೂ ಮೊದಲೇ ಜಾರಬಹುದು.

ಇನ್ನು ಫೋನಿನ ಆಕ್ಸೆಲರೋಮೀಟರ್ ಇಟ್ಟು ಅಳೆಯೋರಿಗೆ ಒಂದು ಮಾತು. ತಿರುವಿನಲ್ಲಿ ಕಾರಿನ ಬಾಡಿ 3 ಡಿಗ್ರಿ ವಾಲಿದರೂ ಗುರುತ್ವದ ಪಾಲು 0.5 ಮೀ/ಸೆ² ನಷ್ಟು ಪಕ್ಕದ ರೀಡಿಂಗಿಗೆ ಸೇರಿಕೊಳ್ಳುತ್ತೆ. ಅದನ್ನ ತೆಗೆಯದೇ v²/R ಜೊತೆ ಹೋಲಿಸಿದರೆ ಲೆಕ್ಕ ಕೂಡಲ್ಲ.