ಅಕ್ಕನ ಪಾಲಿಗೆ ಕೊಟ್ಟ ಹಣ ಪತ್ರದಲ್ಲಿರಲಿಲ್ಲ

ಕಳೆದ ವರ್ಷದ ಜನವರಿಯಲ್ಲಿ ಮೈಸೂರಿನ ನಮ್ಮ ಮನೆಯನ್ನು 1 ಕೋಟಿ 20 ಲಕ್ಷಕ್ಕೆ ಮಾರಿದೆ. ತೆರಿಗೆ ಲೆಕ್ಕ ಹಾಕಲು ಕೂತ ಆಡಿಟರು ಹಳೆಯ ರಿಲೀಸ್ ಡೀಡ್ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟರು: ‘ಯಾವುದೇ ಪ್ರತಿಫಲ ಪಡೆಯದೆ, ಪ್ರೀತಿ ವಿಶ್ವಾಸದಿಂದ’. ಆ ಒಂದು ಸಾಲಿಗೆ ನಾನು ತೆತ್ತದ್ದು 2 ಲಕ್ಷ 75 ಸಾವಿರ.

ಮನೆ ಅಪ್ಪ 1988ರಲ್ಲಿ ಕಟ್ಟಿಸಿದ್ದು. ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ಅಕ್ಕನಿಗೂ ನನಗೂ ಅರ್ಧರ್ಧ ಬಂತು. 2016ರಲ್ಲಿ ಅಕ್ಕ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಲು ಹೊರಟಾಗ ಅವಳ ಪಾಲಿಗೆ 28 ಲಕ್ಷ ಕೊಟ್ಟೆ, ಎಲ್ಲವೂ ಬ್ಯಾಂಕಿನಿಂದ. ಆ ಅರ್ಧದ ಮಾರ್ಗಸೂಚಿ ಬೆಲೆ ಆಗ 26 ಲಕ್ಷವಿತ್ತು. ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವ ಮುಂಚೆ ಅಕ್ಕ ಪತ್ರ ಪೂರ್ತಿ ಓದಿ ಕೇಳಿದಳು: ‘ದುಡ್ಡು ಕೊಟ್ಟಿದೀಯಲ್ಲೋ, ಇಲ್ಲಿ ಯಾಕೆ ಬರೆದಿಲ್ಲ?’ ಪತ್ರ ಬರೆದವರು, ‘ಹಣ ಕಾಣಿಸಿದರೆ ನಿಮಗೇ ತೆರಿಗೆ ಬರುತ್ತಮ್ಮಾ, ಎಲ್ಲರೂ ಹೀಗೇ ಬರೆಸೋದು’ ಎಂದರು. ನಾನೂ ತಲೆಯಾಡಿಸಿದೆ. ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಹುಡುಕಬೇಕಾದವನು ನಾನಾಗಿದ್ದೆ.

ಲೆಕ್ಕ ನೋಡಿ. ಮನೆ ಹಳೆಯದಾದ್ದರಿಂದ 2001ರ ಏಪ್ರಿಲ್ 1ರ ಬೆಲೆಯನ್ನೇ ಅಸಲು ಎಂದು ಹಿಡಿಯಬಹುದು. ನಮ್ಮ ಮನೆಗೆ ಅದು 12 ಲಕ್ಷ, ಅಂದರೆ ಒಬ್ಬೊಬ್ಬರ ಪಾಲಿಗೆ 6 ಲಕ್ಷ. ಅಕ್ಕ ಪುಕ್ಕಟೆ ಬಿಟ್ಟುಕೊಟ್ಟಳು ಎಂದು ಪತ್ರ ಹೇಳುವುದರಿಂದ ಅವಳ ಅರ್ಧಕ್ಕೂ ಅಪ್ಪನ ಕಾಲದ ಅಸಲೇ ಮುಂದುವರಿಯುತ್ತದೆ. ಹಾಗಾಗಿ ಇಡೀ ಮನೆಯ ಅಸಲು 12 ಲಕ್ಷ, ಲಾಭ 108 ಲಕ್ಷ, ಶೇ 12.5ರಂತೆ ತೆರಿಗೆ 13 ಲಕ್ಷ 50 ಸಾವಿರ. ಪತ್ರದಲ್ಲಿ 28 ಲಕ್ಷ ಇದ್ದಿದ್ದರೆ ನನ್ನ ಅರ್ಧಕ್ಕೆ 6, ಕೊಂಡ ಅರ್ಧಕ್ಕೆ 28, ಒಟ್ಟು ಅಸಲು 34 ಲಕ್ಷವಾಗುತ್ತಿತ್ತು. ಲಾಭ 86 ಲಕ್ಷ, ತೆರಿಗೆ 10 ಲಕ್ಷ 75 ಸಾವಿರ. ಸೂಚ್ಯಂಕ ಹಿಡಿದು ಶೇ 20ರ ಲೆಕ್ಕವನ್ನೂ ಹಾಕಿ ನೋಡಿದೆವು. ಎರಡೂ ಸಂದರ್ಭದಲ್ಲಿ ಅದೇ ಹೆಚ್ಚು ಬಂತು. ಸೆಸ್, ಸರ್‌ಚಾರ್ಜ್ ಇದರಲ್ಲಿ ಸೇರಿಲ್ಲ.

ಹಾಗಾದರೆ ಅಕ್ಕನ ತೆರಿಗೆ ಉಳಿಯಿತಲ್ಲ ಎನ್ನಬಹುದು. ಹಣ ಪಡೆದು ಹಕ್ಕು ಬಿಡುವುದು ವರ್ಗಾವಣೆಯೇ, ಬಿಟ್ಟವರಿಗೆ ಬಂಡವಾಳ ಲಾಭದ ತೆರಿಗೆ ಬರುವುದೂ ನಿಜ. ಆದರೆ ಅವಳು ಅದೇ ವರ್ಷ ಆ ಹಣವನ್ನು ಪೂರ್ತಿ ಫ್ಲ್ಯಾಟಿಗೆ ಹಾಕಿದಳು. ಮನೆ ಮಾರಿದ ಲಾಭ ಇನ್ನೊಂದು ಮನೆಗೆ ಹೋದರೆ ಸೆಕ್ಷನ್ 54ರ ವಿನಾಯಿತಿ ಇದ್ದೇ ಇತ್ತು. ರಿಟರ್ನಿನಲ್ಲಿ ತೋರಿಸಿದ್ದರೆ ಅವಳು ಕಟ್ಟಬೇಕಾದದ್ದು ಸೊನ್ನೆ. ಇಲ್ಲದ ತೆರಿಗೆಗೆ ಹೆದರಿ ನಾವು ಸುಳ್ಳು ಬರೆಸಿದೆವು.

ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ ವಾದಿಸೋಣವೇ ಎಂದು ಕೇಳಿದೆ. ಆಡಿಟರು ಒಪ್ಪಲಿಲ್ಲ. ಪ್ರತಿಫಲವಿಲ್ಲ ಎಂದು ನೋಂದಾಯಿತ ಪತ್ರದಲ್ಲಿ ಇಬ್ಬರೂ ಸಹಿ ಮಾಡಿದ್ದೀರಿ, ಆ 28 ಲಕ್ಷ ತಮ್ಮ ಅಕ್ಕನಿಗೆ ಕೊಟ್ಟ ಉಡುಗೊರೆ ಎಂದೇ ಆಗುತ್ತದೆ ಎಂದರು.

ಇಂದಿಗೂ ದಸ್ತಾವೇಜು ಬರೆಯುವ ಅಂಗಡಿಗಳಲ್ಲಿ ಅದೇ ಸಿದ್ಧ ನಮೂನೆ ಓಡಾಡುತ್ತಿದೆ. ಹೆಸರು, ಚೆಕ್ಕುಬಂದಿ ತುಂಬಿಸಿ ಕೊಡುತ್ತಾರೆ. ಹಣ ಕೊಟ್ಟಿರೋ ಇಲ್ಲವೋ ಎಂದು ಕೇಳುವುದೇ ಇಲ್ಲ. ಒಡಹುಟ್ಟಿದವರ ನಡುವಿನ ಬಿಡುಗಡೆಗೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿ ಸಿಗುವುದು ಸಂಬಂಧದ ಮೇಲೆ: ನಿಗದಿತ ಸಣ್ಣ ಮೊತ್ತ. ಕುಟುಂಬದ ವ್ಯಾಖ್ಯೆಗೆ ಹೊರಗಿನವರಾದರೆ ಕ್ರಯಪತ್ರದಂತೆ ಬೆಲೆಯ ಮೇಲೆ ಶೇಕಡಾವಾರು ಬೀಳುತ್ತದೆ. ಈ ದರಗಳು ಬದಲಾಗುತ್ತಿರುತ್ತವೆ. ನಿಮ್ಮ ಪತ್ರಕ್ಕೆ ಎಷ್ಟೆಂದು ಉಪನೋಂದಣಿ ಕಚೇರಿಯಲ್ಲೇ ಕೇಳಿ, ಪತ್ರ ಬರೆಯುವವರ ಬಾಯಿಮಾತು ನಂಬಬೇಡಿ.

ನಿಜವಾಗಿಯೂ ಪುಕ್ಕಟೆ ಬಿಡುವುದಾದರೆ ‘ಪ್ರತಿಫಲವಿಲ್ಲ’ ಎಂದೇ ಬರೆಸಿ. ಅಣ್ಣತಮ್ಮ, ಅಕ್ಕತಂಗಿಯರ ನಡುವೆ ಆಗ ಇಬ್ಬರಿಗೂ ಆದಾಯ ತೆರಿಗೆ ಇಲ್ಲ. ಹಣ ಕೈಬದಲಾದರೆ ಮೊತ್ತ, ತಾರೀಖು, ಯುಟಿಆರ್ ಸಂಖ್ಯೆ ಎಲ್ಲ ಪತ್ರದಲ್ಲಿರಲಿ. ಮೊತ್ತ ಮಾರ್ಗಸೂಚಿ ಬೆಲೆಗಿಂತ ತೀರ ಕಡಿಮೆಯಿದ್ದರೆ ತೆರಿಗೆಗೆ ಮಾರ್ಗಸೂಚಿ ಬೆಲೆಯನ್ನೇ ಹಿಡಿಯುತ್ತಾರೆ, ಅದೂ ನೆನಪಿರಲಿ.

ಮನೆಯವರ ನಡುವೆ ಎಂಥ ಲೆಕ್ಕ ಎಂದು ಕಾಗದ ಓದದೆ ಸಹಿ ಹಾಕುವ ಚಾಳಿ ನಮ್ಮಲ್ಲಿದೆ. ನಮ್ಮಿಬ್ಬರಲ್ಲಿ ಕಾಗದ ಓದಿದವಳು ಅಕ್ಕ ಒಬ್ಬಳೇ. ಅವಳ ಪ್ರಶ್ನೆಯನ್ನು ಒಬ್ಬ ಆಡಿಟರ ಮುಂದಿಟ್ಟು ವಾರ ತಡವಾಗಿ ನೋಂದಾಯಿಸಿದ್ದರೆ ಸಾಕಿತ್ತು.