ಬೆಳ್ಳಿ ಎಷ್ಟು? ಬೆರಕೆ ಎಷ್ಟು?



ನಮ್ಮ ಕಾಲಲ್ಲಿ ಚೈನು ಇದೆ. ಬೆರಳಲ್ಲಿ ಕಾಲುಂಗುರ ಇದೆ. ದೇವರ ಜಗಲಿಯ ಮೇಲೆ ಬೆಳ್ಳಿ ಬಟ್ಟಲು ಇದೆ. ಕಷ್ಟ ಬಂದಾಗ ಇವನ್ನೇ ಮಾರುತ್ತೇವೆ, ಇಲ್ಲವೆ ಒತ್ತೆ ಇಡುತ್ತೇವೆ. ಆದರೆ ಅದರಲ್ಲಿ ಬೆಳ್ಳಿ ಎಷ್ಟಿದೆ? ಕೊಳ್ಳುವಾಗ ನಾವು ಕೇಳುವುದಿಲ್ಲ. ಮಾರುವಾಗ ಅಂಗಡಿಯವರು ಹೇಳುತ್ತಾರೆ. ಆಗ ಹೊತ್ತು ಮೀರಿರುತ್ತದೆ.

ಮೂಡಲಗಿಯ ತಾಯಿಯ ಕಥೆ

ಮೂಡಲಗಿ ಕಡೆಯ ಒಬ್ಬ ತಾಯಿ ನಮ್ಮ ಕೇಂದ್ರಕ್ಕೆ ಬರುತ್ತಿದ್ದಳು. ಮಗಳ ಮದುವೆಗೆಂದು 100 ಗ್ರಾಮಿನ ಒಂದು ಜೊತೆ ಕಾಲಚೈನು ಕೊಂಡಿದ್ದಳು. ಆಗ ಬೆಳ್ಳಿ ದರ ಗ್ರಾಮಿಗೆ 60 ರೂಪಾಯಿ. ಬೆಳ್ಳಿಗೆ 6,000, ಮಜೂರಿಗೆ 1,000, ಒಟ್ಟು 7,000 ರೂಪಾಯಿ ಕೊಟ್ಟಳು. ಅಂಗಡಿಯವನು ಒಂದು ಚೀಟಿ ಕೊಟ್ಟ. ಅದರಲ್ಲಿ ತೂಕ ಮತ್ತು ರೊಕ್ಕ ಮಾತ್ರ ಇತ್ತು.

ಮುಂದೆ ಮೊಮ್ಮಗನ ದವಾಖಾನೆ ಖರ್ಚಿಗೆ ಆ ಚೈನು ಮಾರಬೇಕಾಯಿತು. ಆಗ ದರ ಗ್ರಾಮಿಗೆ 100 ರೂಪಾಯಿ ಆಗಿತ್ತು. ಹತ್ತು ಸಾವಿರ ಬರುತ್ತದೆ ಎಂದುಕೊಂಡು ಆಕೆ ಗೋಕಾಕಕ್ಕೆ ಹೋದಳು. ಅಲ್ಲಿಯ ಅಂಗಡಿಯವರು ಚೈನು ಕರಗಿಸಿ ನೋಡಿದರು.

“ಅಕ್ಕಾರ, ಇದು 60 ಟಚ್ ಮಾಲ ಐತ್ರಿ. 6,000 ರೂಪಾಯಿ ಬರ್ತಾವು.”

“ಅದ್ಹೆಂಗ್ರಿ ಸಾವುಕಾರ್ರ? 100 ಗ್ರಾಂ ತೂಗತೈತಿ. ದರಾನೂ ಏರೇತಿ.”

“ತೂಕ 100 ಖರೇ. ಅದರಾಗ ಬೆಳ್ಳಿ 60 ಗ್ರಾಮ ಅಷ್ಟ. ಉಳಿದದ್ದು ತಾಮ್ರ, ಸತು ಅದಾವು.”

ದರ ಏರಿದರೂ ಆಕೆಗೆ ಕೊಟ್ಟ ರೊಕ್ಕ ತಿರುಗಿ ಬರಲಿಲ್ಲ. ಮೋಸ ಆದದ್ದು ಮಾರಿದ ದಿನ ಅಲ್ಲ, ಕೊಂಡ ದಿನ. ಅಂದು 60 ಗ್ರಾಂ ಬೆಳ್ಳಿ ಇದ್ದ ಚೈನಿಗೆ 100 ಗ್ರಾಂ ಬೆಳ್ಳಿಯ ರೊಕ್ಕ ಕೊಟ್ಟಿದ್ದಳು.

ಟಚ್ ಎಂದರೇನು?

ನೂರು ಭಾಗದಲ್ಲಿ ಬೆಳ್ಳಿ ಎಷ್ಟು ಭಾಗ ಎಂಬುದೇ ಟಚ್. 60 ಟಚ್ ಎಂದರೆ 60 ಭಾಗ ಬೆಳ್ಳಿ, 40 ಭಾಗ ಬೆರಕೆ. ಬೆರಕೆ ಇದ್ದ ಮಾತ್ರಕ್ಕೆ ಮೋಸ ಅಲ್ಲ. ಶುದ್ಧ ಬೆಳ್ಳಿ ಬಹಳ ಮೆತ್ತಗೆ. ಅದರ ಕೊಂಡಿ ಬೇಗ ಬಾಗುತ್ತದೆ, ಸವೆಯುತ್ತದೆ. ಗಟ್ಟಿ ಬರಲೆಂದು ತಾಮ್ರ ಕೂಡಿಸುತ್ತಾರೆ. ನಮ್ಮ ಗಡಿಯಾಚೆ ಕೊಲ್ಲಾಪುರ ಜಿಲ್ಲೆಯ ಹುಪರಿ ಊರು ಬೆಳ್ಳಿ ಚೈನಿಗೆ ಹೆಸರಾಗಿದೆ. ಈ ಧಂದೆಯಲ್ಲಿ ಬೇರೆ ಬೇರೆ ಟಚ್ಚಿನ ಚೈನು ತಯಾರಾಗುತ್ತವೆ. 60 ಟಚ್ ಮಾಲನ್ನು 60 ಎಂದು ಹೇಳಿ ಮಾರಿದರೆ ತಪ್ಪಿಲ್ಲ. ಶುದ್ಧ ಎಂದು ಹೇಳಿ ಮಾರಿದರೆ ಮೋಸ.

ಮುದ್ರೆ ನೋಡೋಣ

ಕಣ್ಣಿಗೆ ಎಲ್ಲವೂ ಬೆಳ್ಳಗೇ ಕಾಣುತ್ತದೆ. ಕಪ್ಪಾದರೆ ಕಳಪೆ ಎನ್ನುತ್ತಾರೆ. ಅದು ನಿಜ ಅಲ್ಲ, ಒಳ್ಳೆಯ ಬೆಳ್ಳಿಯೂ ಗಾಳಿಗೆ ಕಪ್ಪಾಗುತ್ತದೆ. ಅಯಸ್ಕಾಂತ ಹಿಡಿದು ನೋಡಿದರೂ ಸಾಲದು. ಅದಕ್ಕೆ ಅಂಟಿದರೆ ಒಳಗೆ ಕಬ್ಬಿಣ ಇದೆ ಎಂದು ತಿಳಿಯಬಹುದು. ಆದರೆ ತಾಮ್ರ, ಹಿತ್ತಾಳೆ ಸಹ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಜರ್ಮನ್ ಸಿಲ್ವರ್ ಎಂಬ ಲೋಹದ ಹೆಸರಿನಲ್ಲಿ ಬೆಳ್ಳಿ ಇದೆ, ಲೋಹದಲ್ಲಿ ಬೆಳ್ಳಿಯೇ ಇಲ್ಲ.

ಅದಕ್ಕೇ ಸರಕಾರದ ಹಾಲ್‌ಮಾರ್ಕ್ ಮುದ್ರೆ ನೋಡಬೇಕು. ಭಾರತೀಯ ಮಾನಕ ಬ್ಯೂರೋ ಎಂಬ ಸಂಸ್ಥೆ ಬೆಳ್ಳಿಗೆ ಈ ಮುದ್ರೆಯನ್ನು 2005 ರಲ್ಲಿ ತಂದಿತು. 2025 ರ ಸೆಪ್ಟೆಂಬರ್ 1 ರಿಂದ ಹೊಸ ಪದ್ಧತಿ ಬಂದಿದೆ. ಈಗಿನ ಮುದ್ರೆಯಲ್ಲಿ ಮೂರು ಗುರುತು ಇರುತ್ತವೆ.

1. ಬ್ಯೂರೋದ ಮುಕ್ಕೋನದ ಗುರುತು, ಜೊತೆಗೆ ಇಂಗ್ಲಿಷಿನಲ್ಲಿ ಸಿಲ್ವರ್ ಎಂಬ ಶಬ್ದ.
2. ಶುದ್ಧತೆಯ ಅಂಕಿ. 925 ಎಂದಿದ್ದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ. 800 ಎಂದಿದ್ದರೆ ಸಾವಿರದಲ್ಲಿ 800 ಭಾಗ, ಅಂದರೆ 80 ಟಚ್.
3. ಅಕ್ಷರ ಮತ್ತು ಅಂಕಿ ಕೂಡಿದ ಆರು ಗುರುತಿನ ಸಂಖ್ಯೆ.

ಈ ಆರು ಗುರುತಿನ ಸಂಖ್ಯೆಯನ್ನು ಮೊಬೈಲಿನಲ್ಲಿ BIS Care ಎಂಬ ಆ್ಯಪಿನಲ್ಲಿ ಹಾಕಿದರೆ ಆ ಒಡವೆಯ ವಿವರ ಬರುತ್ತದೆ. ಮಗನಿಗೋ ಮಗಳಿಗೋ ಹೇಳಿ ಅಂಗಡಿಯಲ್ಲೇ ನೋಡಿಸೋಣ. ಹಳೆಯ ಮುದ್ರೆ ಇದ್ದ ಒಡವೆಯಲ್ಲಿ ಈ ಸಂಖ್ಯೆ ಇರಲಿಕ್ಕಿಲ್ಲ.

ಬರಿಯ 925 ಎಂಬ ಅಂಕಿ ನೋಡಿ ನಂಬಬಾರದು. ಆ ಅಂಕಿಯನ್ನು ಯಾರು ಬೇಕಾದರೂ ಒತ್ತಬಹುದು. ಇನ್ನೊಂದು ಮಾತು. ಬೆಳ್ಳಿಗೆ ಈ ಮುದ್ರೆ ಕಡ್ಡಾಯ ಇಲ್ಲ. ಮುದ್ರೆ ಇಲ್ಲದ ಚೈನನ್ನೂ ಅಂಗಡಿಯಲ್ಲಿ ಮಾರಬಹುದು. ಅಂಥದನ್ನು ಕೊಳ್ಳುವುದಾದರೆ “ಎಷ್ಟು ಟಚ್?” ಎಂದು ಕೇಳಿ, ಅದನ್ನು ಬಿಲ್ಲಿನಲ್ಲಿ ಬರೆಸಬೇಕು.

ತೂಕ ನೋಡೋಣ

ತಕ್ಕಡಿ ಖಾಲಿ ಇದ್ದಾಗ ಸೊನ್ನೆ ತೋರಿಸಬೇಕು. ಆಮೇಲೆ ಒಡವೆ ಇಡಬೇಕು. ಚೀಟಿ, ದಾರ ಬಿಚ್ಚಿ ತೂಗಿಸೋಣ. ಹರಳು ಇದ್ದರೆ ಅದರ ತೂಕ ಕಳೆಯಲು ಹೇಳೋಣ. ಟೊಳ್ಳು ಕಡಗ, ಟೊಳ್ಳು ಮೂರ್ತಿಗಳ ಒಳಗೆ ಅರಗು ತುಂಬಿರಬಹುದು. ಅದೂ ಬೆಳ್ಳಿಯ ದರಕ್ಕೇ ತೂಗೀತು.

ತೊಲಿ ಲೆಕ್ಕ ಬೇಡ. ಹಳೆಯ ತೊಲಿ 11 ಗ್ರಾಮಿಗಿಂತ ಹೆಚ್ಚು ತೂಗುತ್ತಿತ್ತು. ಈಗ ಅಂಗಡಿಯವರು 10 ಗ್ರಾಮಿಗೆ ಒಂದು ತೊಲಿ ಅನ್ನುತ್ತಾರೆ. ಗ್ರಾಮಿನಲ್ಲೇ ಕೇಳೋಣ.

ಬೆಲೆ ಕಟ್ಟೋಣ

ಹುಕ್ಕೇರಿಯ ಒಬ್ಬ ಅಕ್ಕ ಕೂಸಿನ ತೊಟ್ಟಿಲ ಕಾರ್ಯಕ್ಕೆ ಬೆಳ್ಳಿ ಲೋಟ ಕೊಳ್ಳಬೇಕೆಂದಿದ್ದಳು. ಲೋಟದ ತೂಕ 40 ಗ್ರಾಂ. ಮುದ್ರೆ 925. ನಾವೆಲ್ಲ ಕೂಡಿ ಹಲಗೆಯ ಮೇಲೆ ಲೆಕ್ಕ ಮಾಡಿದೆವು. ಲೆಕ್ಕ ಸುಲಭ ಆಗಲೆಂದು ಕಿಲೋಗೆ ಒಂದು ಲಕ್ಷ ರೂಪಾಯಿ ದರ ಹಿಡಿದೆವು. ಅಂದರೆ ಗ್ರಾಮಿಗೆ 100 ರೂಪಾಯಿ. ದರ ದಿನಾ ಬದಲಾಗುತ್ತದೆ. ನೀವು ಕೊಳ್ಳುವ ದಿನದ ದರವನ್ನು ಎರಡು ಅಂಗಡಿಗಳಲ್ಲಿ ಕೇಳಿಕೊಳ್ಳಿರಿ.

ಲೋಟದಲ್ಲಿರುವ ಬೆಳ್ಳಿ: 40 ನ್ನು 925 ರಿಂದ ಗುಣಿಸಿ 1,000 ದಿಂದ ಭಾಗಿಸಿದರೆ 37 ಗ್ರಾಂ.
ಬೆಳ್ಳಿಯ ಬೆಲೆ: 37 × 100 = 3,700 ರೂಪಾಯಿ.
ಮಜೂರಿ: 300 ರೂಪಾಯಿ.
ಎರಡೂ ಕೂಡಿ: 4,000 ರೂಪಾಯಿ.
ಜಿ.ಎಸ್.ಟಿ. ನೂರಕ್ಕೆ 3 ರಂತೆ: 120 ರೂಪಾಯಿ.
ಒಟ್ಟು: 4,120 ರೂಪಾಯಿ.

ಕೆಲವು ಅಂಗಡಿಗಳಲ್ಲಿ 40 ಗ್ರಾಮಿಗೂ ಪೂರ್ತಿ ದರ ಹಚ್ಚಿ 4,000 ಎಂದು ಹೇಳಿ, ಮೇಲೆ ಮಜೂರಿ ಬೇರೆ ಕೇಳುತ್ತಾರೆ. ಆಗ ಹೆಚ್ಚಿನ 300 ರೂಪಾಯಿಯೂ ಮಜೂರಿಯೇ ಎಂದು ತಿಳಿಯಬೇಕು. ಮಜೂರಿಯಲ್ಲಿ ಚೌಕಾಸಿ ಮಾಡಬೇಕು. ಮಜೂರಿ ಮತ್ತು ತೆರಿಗೆ ಮಾರುವಾಗ ತಿರುಗಿ ಬರುವುದಿಲ್ಲ. ತಿರುಗಿ ಬರುವುದು ಬೆಳ್ಳಿಯ ಬೆಲೆ ಮಾತ್ರ.

ಬಿಲ್ಲಿನಲ್ಲಿ ತೂಕ, ಶುದ್ಧತೆ, ಆ ದಿನದ ದರ, ಮಜೂರಿ ಈ ನಾಲ್ಕೂ ಬೇರೆ ಬೇರೆ ಇರಲಿ. ನಮಗೆ ಈಗ ಓದು ಬರುತ್ತದೆ. ಅಂಗಡಿ ಬಿಡುವ ಮೊದಲೇ ಓದಿ ನೋಡೋಣ. ಮೂಡಲಗಿಯ ತಾಯಿಯ ಚೀಟಿಯಲ್ಲಿ ಶುದ್ಧತೆ ಬರೆದಿರಲಿಲ್ಲ. ಅದಕ್ಕೇ ಆಕೆ ಕೊಂಡ ಅಂಗಡಿಗೆ ಹೋಗಿ ಕೇಳಲೂ ಆಗಲಿಲ್ಲ.

ಲೆಕ್ಕ ಮಾಡಿರಿ

ಕಾಲಚೈನಿನ ತೂಕ 50 ಗ್ರಾಂ. ಮುದ್ರೆ 800. ದರ ಗ್ರಾಮಿಗೆ 100 ರೂಪಾಯಿ. ಮಜೂರಿ 500 ರೂಪಾಯಿ.

1. ಚೈನಿನಲ್ಲಿ ಬೆಳ್ಳಿ ಎಷ್ಟು ಗ್ರಾಂ?
2. ತೆರಿಗೆ ಕೂಡಿ ಎಷ್ಟು ರೂಪಾಯಿ ಕೊಡಬೇಕು?
3. ಅದೇ ದರಕ್ಕೆ ಮರುದಿನ ಮಾರಿದರೆ ಬೆಳ್ಳಿಗೆ ಎಷ್ಟು ಬಂದೀತು?

(ಉತ್ತರ: 40 ಗ್ರಾಂ, 4,635 ರೂಪಾಯಿ, 4,000 ರೂಪಾಯಿ)